ಸೀಸನ್‌ಗೆ ಮುನ್ನ ಗೋದಾಮಿನ ಸಾಮರ್ಥ್ಯ ಯೋಜನೆ

ವರ್ಷದ ಕೆಲವೇ ವಾರಗಳಲ್ಲಿ ಮಾರಾಟ ಎರಡು ಮೂರು ಪಟ್ಟು ಏರುವ ವ್ಯಾಪಾರಗಳಲ್ಲಿ ಆ ಏರಿಕೆಯನ್ನು ತಾಳಿಕೊಳ್ಳಲು ಗೋದಾಮಿಗೆ ಎಷ್ಟು ಜಾಗ, ಎಷ್ಟು ಜನ, ಎಷ್ಟು ಗಂಟೆಗಳ ಕೆಲಸ ಬೇಕಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೊಂದಿಸಿಕೊಳ್ಳುವುದೇ ಸಾಮರ್ಥ್ಯ ಯೋಜನೆ. ಭಾರತದ ಆನ್‌ಲೈನ್ ವ್ಯಾಪಾರದಲ್ಲಿ ಈ ಸೀಸನ್ ದಸರೆಗೆ ಮುಂಚೆ ಶುರುವಾಗಿ ದೀಪಾವಳಿಯವರೆಗೆ ನಡೆಯುತ್ತದೆ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ನಡೆಸಿದ ಮೊದಲ ಬಿಗ್ ಬಿಲಿಯನ್ ಡೇ ಸೇಲ್ ಒಂದೇ ದಿನದ್ದಾಗಿತ್ತು. ಜಾಲತಾಣ ಕುಸಿದು, ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಬೇಕಾಯಿತು. ಆಮೇಲೆ ಇಂಥ ಸೇಲ್‌ಗಳು ಹಲವು ದಿನಗಳಿಗೆ ಹರಡಿಕೊಂಡವು. ಹಾಗೆ ಹರಡಿದ್ದೇ ಗೋದಾಮುಗಳಿಗೆ ದೊಡ್ಡ ಉಪಕಾರವಾಯಿತು, ಏಕೆಂದರೆ ಗೋದಾಮನ್ನು ಮುರಿಯುವುದು ಒಟ್ಟು ಆರ್ಡರ್‌ಗಳ ಸಂಖ್ಯೆಗಿಂತ ಹೆಚ್ಚಾಗಿ ಅವು ಒಂದೇ ಹೊತ್ತಿಗೆ ಬಂದು ಬೀಳುವುದು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೊಂದು ಸಣ್ಣ ಗೋದಾಮು ಇಟ್ಟುಕೊಳ್ಳುವ ತೆರಿಗೆಯ ಕಾರಣ ಹೋಯಿತು. ಹೊಸಕೋಟೆ, ಮಾಲೂರು, ನೆಲಮಂಗಲದಂಥ ಹೆದ್ದಾರಿ ಬದಿಯ ದೊಡ್ಡ ಗೋದಾಮುಗಳಿಗೆ ಕೆಲಸ ಕೂಡಿಕೊಂಡಿತು. ಹತ್ತು ಕಡೆ ಹಂಚಿಹೋಗುತ್ತಿದ್ದ ಒತ್ತಡ ಈಗ ಒಂದೇ ಚಾವಣಿಯ ಕೆಳಗೆ ಬೀಳುತ್ತದೆ.

ಒತ್ತಡಕ್ಕೆ ಮೂರು ಪರಿಹಾರಗಳು ಎಲ್ಲರಿಗೂ ಗೊತ್ತು: ತಾತ್ಕಾಲಿಕ ಕೆಲಸಗಾರರು, ಹೆಚ್ಚುವರಿ ಪಾಳಿ, ಹೊರಗೆ ಬಾಡಿಗೆಗೆ ಹಿಡಿದ ಜಾಗ. ಇವುಗಳಲ್ಲಿ ಯಾವುದು ಅಗ್ಗವೋ ಅದನ್ನು ಬಳಸಿದರಾಯಿತು, ಒಂದು ಸಾಲದಿದ್ದರೆ ಇನ್ನೊಂದು ಎಂಬ ಭಾವನೆ ವ್ಯಾಪಕವಾಗಿದೆ. ಈ ಲೇಖನದ ವಾದ ಬೇರೆ. ಮೂರೂ ಒಂದಕ್ಕೊಂದು ಬದಲಿಯಲ್ಲ, ಇವಕ್ಕೊಂದು ಅನುಕ್ರಮವಿದೆ. ಜಾಗ ಮೊದಲು, ಜನ ಆಮೇಲೆ, ಪಾಳಿ ಮತ್ತು ಓವರ್‌ಟೈಮ್ ಕೊನೆಗೆ. ತುಂಬಿ ತುಳುಕುವ ಗೋದಾಮಿಗೆ ಜನರನ್ನು ಸೇರಿಸಿದರೆ ಹೊರಹೋಗುವ ಮಾಲು ಹೆಚ್ಚುವುದಿಲ್ಲ. ತರಬೇತಿಯಿಲ್ಲದ ಜನರನ್ನು ಎರಡನೇ ಪಾಳಿಗೆ ಹಾಕಿದರೆ ಮೊದಲ ಪಾಳಿಯೂ ಹಿಂದೆ ಬೀಳುತ್ತದೆ. ಇದನ್ನು ಅಂಕಿಗಳಲ್ಲಿ ನೋಡಲು ಹೊಸಕೋಟೆಯ ಕಡೆಯ ಮಧ್ಯಮ ಗಾತ್ರದ ಒಂದು ಗೋದಾಮನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಉದಾಹರಣೆಗಾಗಿ ಹಿಡಿದವು, ಅವುಗಳ ನಡುವಿನ ಸಂಬಂಧ ಮಾತ್ರ ನಿಜವಾದದ್ದು. ಮಾಮೂಲಿ ದಿನಗಳಲ್ಲಿ ಅಲ್ಲಿಂದ 10,000 ಆರ್ಡರ್, ಅಂದರೆ 16,000 ವಸ್ತುಗಳು ಹೊರಡುತ್ತವೆ. ಸೇಲ್‌ನ ಎಂಟು ದಿನಗಳಲ್ಲಿ ದಿನಕ್ಕೆ 25,000 ಆರ್ಡರ್, 40,000 ವಸ್ತುಗಳು ಹೊರಡಬೇಕೆಂಬುದು ಅಂದಾಜು.

ಮೊದಲು ಜಾಗದ ಲೆಕ್ಕ. ಇದಕ್ಕೆ ಆಧಾರ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರಳ ನಿಯಮ: ಒಳಗಿರುವ ಮಾಲಿನ ಸರಾಸರಿ ಪ್ರಮಾಣವೆಂದರೆ ದಿನಕ್ಕೆ ಹರಿಯುವ ಮಾಲನ್ನು ಅದು ಒಳಗೆ ಉಳಿಯುವ ದಿನಗಳಿಂದ ಗುಣಿಸಿದಷ್ಟು. ನಮ್ಮ ಗೋದಾಮಿನಲ್ಲಿ ದಿನಕ್ಕೆ 150 ಪ್ಯಾಲೆಟ್ ಮಾಲು ಹೋಗುತ್ತದೆ, ಬಂದ ಮಾಲು ಸರಾಸರಿ 30 ದಿನ ಇರುತ್ತದೆ. ಹಾಗಾಗಿ ಒಳಗೆ ಯಾವಾಗಲೂ 4,500 ಪ್ಯಾಲೆಟ್ ಇರುತ್ತವೆ. ರ‍್ಯಾಕ್‌ಗಳಲ್ಲಿರುವ ಸ್ಥಾನಗಳು 6,000. ಸೇಲ್‌ನ ಎಂಟು ದಿನಗಳಲ್ಲಿ ದಿನಕ್ಕೆ 375 ಪ್ಯಾಲೆಟ್ ಹೋಗಬೇಕಾದರೆ, ಮಾಮೂಲಿಗಿಂತ ಹೆಚ್ಚಾದ 225ರಂತೆ 1,800 ಪ್ಯಾಲೆಟ್ ಮುಂಚೆಯೇ ಬಂದು ಕೂತಿರಬೇಕು. ಒಟ್ಟು 6,300. ಮೇಲ್ನೋಟಕ್ಕೆ ಕೊರತೆ 300 ಪ್ಯಾಲೆಟ್‌ನದು, ಹೇಗೋ ಸಂದಿಗೊಂದಿಯಲ್ಲಿ ಹೊಂದಿಸಬಹುದು ಅನ್ನಿಸುತ್ತದೆ. ತಪ್ಪು ಶುರುವಾಗುವುದೇ ಇಲ್ಲಿ. ರ‍್ಯಾಕ್‌ನ ಸ್ಥಾನಗಳು ಸುಮಾರು ಶೇ 85ರಷ್ಟು ತುಂಬಿದ ಮೇಲೆ ಗೋದಾಮು ಸಲೀಸಾಗಿ ಉಸಿರಾಡುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಬಹುಮಟ್ಟಿಗೆ ಒಪ್ಪಿದ ಅಂದಾಜು. ಆ ಲೆಕ್ಕದಲ್ಲಿ ಬಳಸಬಹುದಾದ ಸ್ಥಾನಗಳು 5,100, ನಿಜವಾದ ಕೊರತೆ 1,200 ಪ್ಯಾಲೆಟ್.

ಶೇ 85 ಎಂಬ ಗೆರೆಯ ಹಿಂದೆ ಇರುವುದು ನಡೆದಾಟ. ಖಾಲಿ ಸ್ಥಾನಗಳು ಕಡಿಮೆಯಾದಂತೆ, ಇಳಿಸಿದ ಮಾಲನ್ನು ಒಳಗಿಡುವವನು ತನಗೆ ಬೇಕಾದ ಎತ್ತರದ, ಬೇಕಾದ ತೂಕ ತಾಳುವ ಸ್ಥಾನಕ್ಕಾಗಿ ಸಾಲಿಂದ ಸಾಲಿಗೆ ಅಲೆಯುತ್ತಾನೆ. ಸಿಗದಿದ್ದಾಗ ಪ್ಯಾಲೆಟ್ಟನ್ನು ಸಾಲಿನ ತುದಿಯಲ್ಲೇ ಇಳಿಸಿ ಹೋಗುತ್ತಾನೆ. ಮಾಲು ಆರಿಸಲು ಟ್ರಾಲಿ ತಳ್ಳಿಕೊಂಡು ಬಂದ ಹುಡುಗಿ ಆ ಪ್ಯಾಲೆಟ್ಟನ್ನು ಬಳಸಿಕೊಂಡು ಸುತ್ತಿ ಹೋಗುತ್ತಾಳೆ, ಅಥವಾ ಅದರ ಹಿಂದಿರುವ ಬಿನ್ ಕೈಗೆಟುಕದೆ ಮಾಲು ಇಲ್ಲವೆಂದು ಸ್ಕ್ಯಾನರ್‌ನಲ್ಲಿ ಒತ್ತಿ ಮುಂದೆ ಹೋಗುತ್ತಾಳೆ. ಕಂಪ್ಯೂಟರ್ ಪ್ರಕಾರ ಇರುವ ಮಾಲು ಹೀಗೆ ಕೈಗೆ ಸಿಗದ ಮಾಲಾಗುತ್ತದೆ. ಗೋದಾಮು ಗೆರೆ ದಾಟಿದೆ ಎಂದು ತಿಳಿಯಲು ಮೂರು ಗುರುತುಗಳು ಸಾಕು: ಲಾರಿಯಿಂದ ಇಳಿದ ಮಾಲು ಬಿನ್ ಸೇರಲು ಹಿಡಿಯುವ ಗಂಟೆಗಳು ದಿನೇ ದಿನೇ ಏರುವುದು, ಬೆಳಗಿನ ಪಾಳಿ ಬರುವಾಗಲೇ ಓಡಾಡುವ ದಾರಿಯಲ್ಲಿ ಪ್ಯಾಲೆಟ್‌ಗಳು ನಿಂತಿರುವುದು, ಮಾಲಿಲ್ಲವೆಂದು ದಾಖಲಾದ ಬಿನ್‌ಗಳಲ್ಲಿ ಆಮೇಲೆ ಮಾಲು ಸಿಗುವುದು. ಇನ್ನೊಂದು ಅಪಾಯ ತಲೆಯ ಮೇಲಿರುತ್ತದೆ. ಬೆಂಕಿ ನಂದಿಸುವ ಸ್ಪ್ರಿಂಕ್ಲರ್‌ಗಳ ಕೆಳಗೆ ಕನಿಷ್ಠ 45 ಸೆಂಟಿಮೀಟರ್‌ನಷ್ಟು ತೆರಪು ಇರಬೇಕೆಂಬ ನಿಯಮ ಇಂಥ ದಿನಗಳಲ್ಲೇ ಮುರಿಯುತ್ತದೆ. ಮೇಲಿನ ಸಾಲಿನಲ್ಲಿ ಒಂದು ಪೆಟ್ಟಿಗೆ ಹೆಚ್ಚಾಗಿ ಪೇರಿಸಿದರೆ ನೀರು ಹರಡುವುದಿಲ್ಲ, ರಟ್ಟು ಪ್ಲಾಸ್ಟಿಕ್‌ಗಳೇ ತುಂಬಿದ ಗೋದಾಮಿನಲ್ಲಿ ಅದರ ಪರಿಣಾಮ ಜೀವಕ್ಕೇ ಎರವಾದೀತು.

ಈಗ ದಟ್ಟಣೆ ಜನರ ಲೆಕ್ಕವನ್ನು ಹೇಗೆ ಕೆಡಿಸುತ್ತದೆ ನೋಡಿ. ಎಂಟು ಗಂಟೆಯ ಪಾಳಿಯಲ್ಲಿ ಊಟ, ಚಹಾ, ಪಾಳಿ ಬದಲಾಗುವ ಹೊತ್ತು ಎಲ್ಲ ಕಳೆದು ಕೈಗೆ ಸಿಗುವುದು ಆರೂವರೆ ಗಂಟೆ. ಪಳಗಿದವರು ಗಂಟೆಗೆ 80 ವಸ್ತು ಆರಿಸುತ್ತಾರೆ ಎಂದು ಹಿಡಿದರೆ, 40,000 ವಸ್ತುಗಳಿಗೆ 77 ಜನ ಬೇಕು. ದಟ್ಟಣೆಯಿಂದ ಆ ವೇಗ 60ಕ್ಕೆ ಇಳಿದರೆ ಬೇಕಾಗುವವರು 103. ಆ ಹೆಚ್ಚುವರಿ 26 ಜನ ಅದೇ ಸಾಲುಗಳಲ್ಲಿ ಅದೇ ಟ್ರಾಲಿಗಳನ್ನು ತಳ್ಳುತ್ತಾ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಅವರನ್ನು ತರದೆ 77ರಲ್ಲೇ ನಡೆಸಿದರೆ ದಿನಕ್ಕೆ 30,000 ವಸ್ತುಗಳಷ್ಟೇ ಹೊರಬರುತ್ತವೆ, ಅಂದರೆ 6,000ಕ್ಕೂ ಹೆಚ್ಚು ಆರ್ಡರ್‌ಗಳು ಪ್ರತಿದಿನ ಹಿಂದುಳಿಯುತ್ತವೆ. ಎಂಟು ದಿನಗಳಲ್ಲಿ ಅದು 50,000 ಮುಟ್ಟುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಎಂಟು ದಿನದ ಗದ್ದಲಕ್ಕಾಗಿ ಎರಡು ತಿಂಗಳ ಬಾಡಿಗೆ ಕಟ್ಟುವುದು ದುಂದು, ಅದರ ಮೇಲೆ ಮಾಲನ್ನು ಎರಡು ಸಲ ಹತ್ತಿಸಿ ಇಳಿಸುವ ಖರ್ಚು ಬೇರೆ. 26 ಜನರಿಗೆ ಕೂಲಿ ಕೊಡುವುದೇ ಅಗ್ಗ ಎಂಬುದು. ಕೂಲಿಯನ್ನಷ್ಟೇ ನೋಡಿದರೆ ಈ ಆಕ್ಷೇಪ ಸರಿ. ದಿನಕ್ಕೆ 800 ರೂಪಾಯಿಯಂತೆ 26 ಜನರ ಎಂಟು ದಿನದ ಕೂಲಿ ಎರಡು ಲಕ್ಷವನ್ನೂ ದಾಟುವುದಿಲ್ಲ. ಆದರೆ 1,200 ಪ್ಯಾಲೆಟ್‌ಗಳ ಜಾಗವೆಂದರೆ ಎಷ್ಟು? 1,200 ಗುಣಿಸು 1,000 ಮಿಲಿಮೀಟರ್‌ನ ಪ್ಯಾಲೆಟ್ ಹಿಡಿಯುವುದು ಸುಮಾರು 13 ಚದರ ಅಡಿ. ಒಂದರ ಮೇಲೊಂದು ಎರಡು ಪೇರಿಸಿ, ಓಡಾಡುವ ದಾರಿಗೆ ಅಷ್ಟೇ ಜಾಗ ಬಿಟ್ಟರೆ 16,000 ಚದರ ಅಡಿ ಸಾಕು. ಚದರ ಅಡಿಗೆ ತಿಂಗಳಿಗೆ 25 ರೂಪಾಯಿ ಎಂದು ಹಿಡಿದರೆ ಎರಡು ತಿಂಗಳಿಗೆ ಎಂಟು ಲಕ್ಷ. ಲಾರಿ ಬಾಡಿಗೆ, ಹಮಾಲಿ ಸೇರಿ ಹದಿಮೂರು ಲಕ್ಷ ಎನ್ನೋಣ. ಹಿಂದುಳಿಯುವ 50,000 ಆರ್ಡರ್‌ಗಳಿಗೆ ಹಂಚಿದರೆ ಆರ್ಡರಿಗೆ 26 ರೂಪಾಯಿ. ತಡವಾದ ಆರ್ಡರನ್ನು ಗ್ರಾಹಕ ರದ್ದು ಮಾಡಿದರೆ ಹೋಗಿ ಬರುವ ಸಾಗಣೆಗೇ ಅದಕ್ಕಿಂತ ಹೆಚ್ಚು ಕಳೆಯುತ್ತದೆ. ಕೂಲಿ ಅಗ್ಗವೆನ್ನುವವರು, ಆ 26 ಜನ ಬಂದರೆ ಕೆಲಸ ಖಂಡಿತ ಸಾಗುತ್ತದೆ ಎಂದು ಮೊದಲೇ ನಂಬಿಕೊಂಡಿರುತ್ತಾರೆ. ದಟ್ಟಣೆಯಲ್ಲಿ ಆ ನಂಬಿಕೆಗೆ ಆಧಾರವಿಲ್ಲ.

ಎರಡು ಸಲ ಹತ್ತಿಸಿ ಇಳಿಸುವ ಖರ್ಚು ಮಾತ್ರ ಯಾವ ಮಾಲನ್ನು ಹೊರಗೆ ಕಳಿಸುತ್ತೇವೆ ಎಂಬುದರ ಮೇಲೆ ನಿಂತಿದೆ. ಸಾಮಾನ್ಯವಾಗಿ ಕೊನೆಗೆ ಬಂದ ಮಾಲು ಹೊರಗೆ ಹೋಗುತ್ತದೆ, ಏಕೆಂದರೆ ಅದು ಬರುವಾಗ ಒಳಗೆ ಜಾಗವಿರುವುದಿಲ್ಲ. ಕೊನೆಗೆ ಬರುವುದು ಸೇಲ್‌ಗಾಗಿ ತರಿಸಿದ ಮಾಲು, ಅಂದರೆ ಅತಿ ವೇಗವಾಗಿ ಖಾಲಿಯಾಗಬೇಕಾದದ್ದು. 32 ಅಡಿಯ ಲಾರಿಯಲ್ಲಿ ಒಂದೇ ಪದರಕ್ಕೆ ಸುಮಾರು 18 ಪ್ಯಾಲೆಟ್ ಹಿಡಿಯುತ್ತವೆ. 1,200 ಪ್ಯಾಲೆಟ್‌ಗಳನ್ನು ಎಂಟು ದಿನಗಳಲ್ಲಿ ವಾಪಸು ತರಬೇಕಾದರೆ ದಿನಕ್ಕೆ ಎಂಟು ಒಂಬತ್ತು ಲಾರಿಗಳು, ಅದೂ ಹೊರಹೋಗುವ ಲಾರಿಗಳು ಸಾಲುಗಟ್ಟಿ ನಿಂತಿರುವಾಗಲೇ, ಡಾಕ್‌ನ ಬಾಗಿಲು ಕಾಯಬೇಕಾಗುತ್ತದೆ. ಇದರ ಬದಲು ತಿಂಗಳುಗಟ್ಟಲೆ ಕದಲದ ಮಾಲನ್ನು ಸೇಲ್‌ಗೆ ನಾಲ್ಕೈದು ವಾರ ಮುಂಚೆ, ಡಾಕ್ ಬಿಡುವಾಗಿರುವಾಗ, ದಿನಕ್ಕೆ ಮೂರು ನಾಲ್ಕು ಲಾರಿಯಂತೆ ಹೊರಗೆ ಸಾಗಿಸಿದರೆ ಅದು ಸೇಲ್ ಮುಗಿಯುವವರೆಗೆ ಬಹುಪಾಲು ಅಲ್ಲೇ ಇರುತ್ತದೆ. ಹೊರಗಿನ ಜಾಗ ಹೊಸ ಮಾಲಿಗಲ್ಲ, ಹಳೆಯ ಮಾಲಿಗೆ. ಈ ಒಂದು ತೀರ್ಮಾನ ಸರಿಯಾದರೆ ಆಕ್ಷೇಪದ ಅರ್ಧ ಬಲ ಹೋಗುತ್ತದೆ. ಇದಕ್ಕೆ ಕಾಗದಪತ್ರದ ಕೆಲಸವೂ ಉಂಟು. ಹೊಸ ಗೋದಾಮನ್ನು ಹೆಚ್ಚುವರಿ ವ್ಯವಹಾರ ಸ್ಥಳವೆಂದು ಜಿಎಸ್‌ಟಿ ನೋಂದಣಿಯಲ್ಲಿ ಸೇರಿಸಬೇಕು. 50,000 ರೂಪಾಯಿಗೆ ಮೇಲ್ಪಟ್ಟ ಮಾಲಿನ ಸಾಗಣೆಗೆ ಇ-ವೇ ಬಿಲ್ ಬೇಕು, ಅದು ಮಾರಾಟವಲ್ಲದ ಸ್ಥಳಾಂತರವಾದರೂ ಸರಿ. ಆಹಾರ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ಪರವಾನಗಿ ಆ ಕಟ್ಟಡದ ಹೆಸರಿಗೇ ಇರಬೇಕು. ಇವೆಲ್ಲಕ್ಕೆ ವಾರಗಳು ಹಿಡಿಯುವುದರಿಂದಲೇ ಜಾಗದ ತೀರ್ಮಾನ ಎಲ್ಲಕ್ಕಿಂತ ಮುಂಚೆ, ಹತ್ತು ಹನ್ನೆರಡು ವಾರ ಇರುವಾಗಲೇ ಆಗಬೇಕು.

ಜಾಗ ಸಿಕ್ಕ ಮೇಲೆ ಜನ. ಇಲ್ಲಿ ಪ್ಯಾಕಿಂಗ್ ಮೇಜುಗಳನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಬಹಳಷ್ಟು ಗೋದಾಮುಗಳ ಕಿರಿದಾದ ಕುತ್ತಿಗೆ ಅದೇ. ಪಳಗಿದ ಪ್ಯಾಕರ್ ಗಂಟೆಗೆ 30 ಆರ್ಡರ್ ಕಟ್ಟುತ್ತಾಳೆ: ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಪರದೆ ತೋರಿಸಿದ ಅಳತೆಯ ಪೆಟ್ಟಿಗೆ ಮಡಿಸಿ, ಮಾಲಿಟ್ಟು, ಸಂದಿಗೆ ಕಾಗದ ತುರುಕಿ, ಟೇಪ್ ಎಳೆದು, ಲೇಬಲ್ ಅಂಟಿಸಿ ಬೆಲ್ಟ್ ಮೇಲೆ ಬಿಡಲು ಎರಡು ನಿಮಿಷ. ಪಾಳಿಗೆ 195 ಆರ್ಡರ್. ಮಾಮೂಲಿ ದಿನಕ್ಕೆ 52 ಜನ ಸಾಕು, ಸೇಲ್‌ಗೆ 129 ಜನರ ಕೆಲಸ ಆಗಬೇಕು. ಹೊಸದಾಗಿ ಬೇಕಾದದ್ದು 77 ಪಳಗಿದವರ ಕೆಲಸ. ಹೊಸಬರು ಮೊದಲ ವಾರ ಶೇ 60ರಷ್ಟೇ ವೇಗದಲ್ಲಿರುತ್ತಾರೆ ಎಂದಿಟ್ಟುಕೊಳ್ಳಿ. ಸೇಲ್‌ನ ಹಿಂದಿನ ದಿನ ಏಜೆನ್ಸಿಯಿಂದ ತರಿಸಿದರೆ 129 ಹೊಸಬರು ಬೇಕು. ಹಳಬರೂ ಸೇರಿ 181 ಜನ, ಎರಡು ಪಾಳಿಗೆ ಹಂಚಿದರೆ ಪಾಳಿಗೆ ತೊಂಬತ್ತರ ಮೇಲೆ. ಆದರೆ ಮೇಜುಗಳಿರುವುದು 75. ಉಳಿದವರಿಗೆ ನಿಲ್ಲಲು ಜಾಗವೇ ಇಲ್ಲ! ಮೂರು ವಾರ ಮುಂಚೆ ಸೇರಿಸಿಕೊಂಡು ಅವರ ವೇಗ ಶೇ 85ಕ್ಕೆ ಬಂದಿದ್ದರೆ 91 ಹೊಸಬರು ಸಾಕು, ಒಟ್ಟು 143, ಪಾಳಿಗೆ 72. ಮೇಜುಗಳಿಗೆ ಸರಿಹೊಂದಿತು. ತರಬೇತಿಯ ಮೂರು ವಾರದ ಕೂಲಿ ನಷ್ಟವೆಂದು ಹಣಕಾಸಿನವರು ಹೇಳುವಾಗ ಮರೆಯುವುದು ಇದನ್ನೇ: ನಿಧಾನದ ಕೈ ಕೂಲಿಯ ಜೊತೆಗೆ ಮೇಜನ್ನೂ ತಿನ್ನುತ್ತದೆ. ಮೂರು ವಾರಕ್ಕೂ ಎಲ್ಲರನ್ನೂ ಒಂದೇ ದಿನ ಸೇರಿಸಿಕೊಳ್ಳಬೇಕಾಗಿಲ್ಲ. ಮೂರು ತಂಡಗಳಲ್ಲಿ ತಂದು, ಪ್ರತಿ ಹೊಸಬರನ್ನೂ ಮೊದಲೆರಡು ದಿನ ಹಳಬರ ಪಕ್ಕದ ಮೇಜಿನಲ್ಲಿ ನಿಲ್ಲಿಸಿದರೆ ಖರ್ಚೂ ಹಿಡಿತದಲ್ಲಿರುತ್ತದೆ, ತಪ್ಪು ಪೆಟ್ಟಿಗೆಗೆ ತಪ್ಪು ಲೇಬಲ್ ಅಂಟುವುದೂ ಕಡಿಮೆಯಾಗುತ್ತದೆ.

ಹಬ್ಬದ ಸೀಸನ್‌ನಲ್ಲಿ ಇನ್ನೊಂದು ಸಂಗತಿ ಯೋಜನೆಯನ್ನು ಅಲುಗಿಸುತ್ತದೆ. ಗೋದಾಮಿಗೆ ಜನ ಹೆಚ್ಚು ಬೇಕಾದ ದಿನಗಳೇ ಆ ಜನರಿಗೆ ಊರಲ್ಲಿರಬೇಕಾದ ದಿನಗಳು. ಸುತ್ತಲಿನ ಹಳ್ಳಿಗಳಿಂದ ಬರುವವರಿಗೆ ಆಯುಧಪೂಜೆ, ದೀಪಾವಳಿ. ಒಡಿಶಾ, ಅಸ್ಸಾಂ, ಬಂಗಾಳದವರಿಗೆ ದುರ್ಗಾಪೂಜೆ. ಬಿಹಾರದವರಿಗೆ ದೀಪಾವಳಿಯಾಗಿ ಆರನೇ ದಿನದ ಛಠ್, ಅದಕ್ಕೆ ಹೊರಡುವುದು ವಾರ ಮುಂಚೆ. ಶೇ 10ರ ಗೈರುಹಾಜರಿಗೆಂದು 91ರ ಬದಲು 102 ಜನರನ್ನು ದಾಖಲು ಮಾಡಿಕೊಳ್ಳುವುದು ಮಾಮೂಲಿ ದಿನಗಳಿಗೆ ಸಾಕು, ಹಬ್ಬದ ದಿನಕ್ಕೆ ಸಾಲದು. ರಜೆ ಕೊಡುವುದಿಲ್ಲ ಎಂದು ಬೋರ್ಡು ಹಾಕುವುದರಿಂದ ಉಪಯೋಗವಿಲ್ಲ. ತಾತ್ಕಾಲಿಕ ಕೆಲಸಗಾರ ಕೆಲಸವನ್ನೇ ಬಿಟ್ಟು ಹೋಗುತ್ತಾನೆ, ಮೂರು ವಾರ ಕಲಿಸಿದ್ದೂ ಅವನೊಂದಿಗೆ ಹೋಗುತ್ತದೆ. ಯಾರು ಯಾವ ಹಬ್ಬಕ್ಕೆ ಹೋಗುತ್ತಾರೆಂದು ಸೇರಿಸಿಕೊಳ್ಳುವಾಗಲೇ ಕೇಳಿ ಬರೆದುಕೊಂಡು, ಬೇರೆ ಬೇರೆ ಊರಿನವರನ್ನು ಒಂದೇ ಪಾಳಿಯಲ್ಲಿ ಬೆರೆಸುವುದೇ ಕೆಲಸಕ್ಕೆ ಬರುವ ಉಪಾಯ. ಏಜೆನ್ಸಿಯ ಮೂಲಕ ಬಂದವರೆಂಬ ಕಾರಣಕ್ಕೆ ಗೋದಾಮಿನ ಮಾಲೀಕರು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಸೀಸನ್ ಮುಗಿದ ವಾರದಲ್ಲಿ ಬಾಕಿ ಕೂಲಿಗಾಗಿ ಗೇಟಿನ ಬಳಿ ನಿಲ್ಲುವವರ ಸಾಲು, ಮುಂದಿನ ವರ್ಷ ಆ ಗೋದಾಮಿಗೆ ಜನ ಸಿಗುತ್ತಾರೋ ಇಲ್ಲವೋ ಎಂಬುದನ್ನು ಅಲ್ಲೇ ತೀರ್ಮಾನಿಸಿಬಿಡುತ್ತದೆ.

ಇಷ್ಟೆಲ್ಲ ಏಕೆ, ಇರುವ ಜನರಿಂದಲೇ ಎರಡು ಗಂಟೆ ಹೆಚ್ಚು ಕೆಲಸ ಮಾಡಿಸಿದರಾಗದೇ ಎಂದು ಕೇಳುವವರಿದ್ದಾರೆ. ಅವರಿಗೆ ತರಬೇತಿ ಬೇಕಿಲ್ಲ, ತಪ್ಪು ಕಡಿಮೆ, ಓಟಿಯೆಂದರೆ ಅವರೂ ಒಪ್ಪುತ್ತಾರೆ. ಮಾತು ನ್ಯಾಯವಾದದ್ದೇ, ಆದರೆ ಅಳತೆಯಲ್ಲಿ ಸೋಲುತ್ತದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಅಧಿನಿಯಮ ಹಾಕಿದ ಮಿತಿಯ ಪ್ರಕಾರ ಓವರ್‌ಟೈಮ್ ಸೇರಿ ದಿನಕ್ಕೆ ಹತ್ತು ಗಂಟೆ ಮೀರುವಂತಿಲ್ಲ, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ದಾಟುವಂತಿಲ್ಲ, ಆ ಗಂಟೆಗಳಿಗೆ ದುಪ್ಪಟ್ಟು ಕೂಲಿ. ಈ ಮಿತಿಗಳನ್ನು ಏರಿಸುವ ಪ್ರಸ್ತಾವ 2025ರಲ್ಲಿ ಬಂದಾಗ ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ಎಂಟರ ಮೇಲೆ ಎರಡು ಗಂಟೆಯೆಂದರೆ ಶೇ 25. ನಮ್ಮ 52 ಪ್ಯಾಕರ್‌ಗಳೂ ದಿನಾ ನಿಂತರೂ ಸಿಗುವುದು 13 ಜನರ ಕೆಲಸ, ಬೇಕಾದ 77ರಲ್ಲಿ ಆರನೇ ಒಂದು ಭಾಗ. ಒಂಬತ್ತನೇ ಹತ್ತನೇ ಗಂಟೆಯಲ್ಲಿ ಕೈ ಮೊದಲಿನ ವೇಗದಲ್ಲಿರುವುದಿಲ್ಲವಾದ್ದರಿಂದ ಅಷ್ಟೂ ಸಿಗುವುದಿಲ್ಲ. ಓವರ್‌ಟೈಮನ್ನು ಯೋಜನೆಯೊಳಗೆ ಮೊದಲೇ ಖರ್ಚು ಮಾಡಿಬಿಟ್ಟರೆ, ಅಂದಾಜು ತಪ್ಪಿದ ದಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದು ತಪ್ಪುವ ಅಂದಾಜಿಗಾಗಿ ಕಾಯ್ದಿಟ್ಟ ಗಂಟೆಗಳು.

ಓವರ್‌ಟೈಮಿಗಿಂತ ಪೂರ್ತಿ ಎರಡನೇ ಪಾಳಿ ಹೆಚ್ಚು ಬಲವುಳ್ಳದ್ದು, ಏಕೆಂದರೆ ಅದು ಮೇಜು, ಬೆಲ್ಟ್, ಸ್ಕ್ಯಾನರ್‌ಗಳನ್ನು ಇನ್ನೊಮ್ಮೆ ದುಡಿಸುತ್ತದೆ. ಆದರೆ ಪಾಳಿಯ ಪಟ್ಟಿಯಲ್ಲಿ ಖಾಲಿ ಕಾಣುವ ಗಂಟೆಗಳು ನಿಜವಾಗಿ ಖಾಲಿಯಾಗಿರುವುದಿಲ್ಲ. ಸಂಜೆ ರಾತ್ರಿಯ ಹೊತ್ತಿನಲ್ಲೇ ಮೇಲಿನ ರ‍್ಯಾಕ್‌ನಿಂದ ಪ್ಯಾಲೆಟ್ ಇಳಿಸಿ ಕೆಳಗಿನ ಬಿನ್‌ಗಳನ್ನು ತುಂಬಿಸುತ್ತಾರೆ, ಮಾಲು ಎಣಿಸುತ್ತಾರೆ, ಗಾಡಿಗಳ ಬ್ಯಾಟರಿ ಚಾರ್ಜ್ ಮಾಡುತ್ತಾರೆ. ಆ ಗಂಟೆಗಳನ್ನು ಪಿಕಿಂಗ್‌ಗೆ ಕೊಟ್ಟರೆ ಎರಡನೇ ದಿನ ಬೆಳಗ್ಗೆ ಬಿನ್‌ಗಳು ಬರಿದಾಗಿರುತ್ತವೆ, ಮಾಲು ಮೇಲೆಯೇ ಇರುತ್ತದೆ. ಸೀಸದ ಬ್ಯಾಟರಿಯ ರೀಚ್ ಟ್ರಕ್ ಎಂಟು ಗಂಟೆ ಓಡಿದರೆ ಎಂಟು ಗಂಟೆ ಚಾರ್ಜ್ ಆಗಬೇಕು, ಆಮೇಲೆ ತಣಿಯಲು ಅಷ್ಟೇ ಹೊತ್ತು ಬೇಕು. ಹೆಚ್ಚುವರಿ ಬ್ಯಾಟರಿಯಿಲ್ಲದೆ ಎರಡನೇ ಪಾಳಿ ಓಡಿಸಿದರೆ ಮೂರನೇ ದಿನಕ್ಕೆ ಗಾಡಿಗಳು ಸಾಲಿನ ನಡುವೆ ನಿಲ್ಲುತ್ತವೆ. ಮಹಿಳೆಯರನ್ನು ರಾತ್ರಿ ಪಾಳಿಗೆ ಹಾಕುವುದಾದರೆ ಅವರ ಒಪ್ಪಿಗೆ, ಮನೆ ಬಾಗಿಲಿನವರೆಗಿನ ವಾಹನ, ಭದ್ರತೆ ಇರಬೇಕು. ಪ್ಯಾಕಿಂಗ್ ಸಾಲುಗಳಲ್ಲಿ ಮಹಿಳೆಯರೇ ಹೆಚ್ಚಿರುವ ಗೋದಾಮಿನಲ್ಲಿ ಬಸ್ಸಿನ ವ್ಯವಸ್ಥೆಯಾಗದೆ ಪಾಳಿಯೇ ಇಲ್ಲ. ಹೀಗಾಗಿ ಸೇಲ್‌ಗೆ ಎರಡು ವಾರ ಇರುವಾಗ ಎರಡನೇ ಪಾಳಿಯನ್ನು ಸಣ್ಣ ಪ್ರಮಾಣದಲ್ಲಿ ನಡೆಸಿ ನೋಡುವುದು ಅಗತ್ಯ. ಆಗ ಹೊರಬೀಳುವ ತೊಂದರೆಗಳು ಮೇಲ್ವಿಚಾರಕರ ಕೊರತೆ, ಬಸ್ಸಿನ ಹೊತ್ತು, ಖಾಲಿ ಬಿನ್‌ಗಳಂಥವು. ಅವನ್ನು ಯಾವ ಲೆಕ್ಕದ ಹಾಳೆಯೂ ಮುಂಚಿತವಾಗಿ ತೋರಿಸದು.

ಅಂದಾಜೇ ತಪ್ಪುವಾಗ ಇಷ್ಟು ಲೆಕ್ಕ ಏಕೆ ಎಂಬುದು ಕೊನೆಯ ಆಕ್ಷೇಪ. 2025ರಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನ ಸಿಕ್ಕಿತು. ದೊಡ್ಡ ಟಿವಿ, ಎಸಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯುವುದೆಂದು ಸೆಪ್ಟೆಂಬರ್ 3ರಂದು ಪ್ರಕಟವಾಯಿತು, ಜಾರಿಯಾದದ್ದು ಸೆಪ್ಟೆಂಬರ್ 22ಕ್ಕೆ. ನಡುವಿನ ದಿನಗಳಲ್ಲಿ ಕೊಳ್ಳಬೇಕೆಂದಿದ್ದವರಿಗೆ ಕಾಯುವುದೇ ಲಾಭ. ಲಿಟಲ್ ನಿಯಮ ಇಲ್ಲಿ ಹಿಮ್ಮುಖವಾಗಿ ಕೆಲಸ ಮಾಡುತ್ತದೆ: ಮಾರಾಟ ನಿಂತರೆ ಮಾಲು ಉಳಿಯುವ ದಿನಗಳು ಬೆಳೆಯುತ್ತವೆ. ದಿನಕ್ಕೆ 150 ಪ್ಯಾಲೆಟ್ ಬರುತ್ತಲೇ ಇದ್ದು ಹೋಗುವುದು ಅರ್ಧಕ್ಕಿಳಿದರೆ 18 ದಿನಗಳಲ್ಲಿ 1,350 ಪ್ಯಾಲೆಟ್ ಹೆಚ್ಚುವರಿಯಾಗಿ ನಿಲ್ಲುತ್ತವೆ, ನಮ್ಮ ಗೋದಾಮು ಬಾಡಿಗೆಗೆ ಹಿಡಿದ ಇಡೀ ಹೊರಜಾಗಕ್ಕಿಂತ ಹೆಚ್ಚು. ಇಂಥದ್ದನ್ನು ಯಾರೂ ಮುನ್ನಂದಾಜಿಸಲಾರರು. ಆದರೆ ಅನುಕ್ರಮದ ಬೆಲೆ ತಿಳಿಯುವುದು ಇಂಥ ಕಡೆಯೇ. ಬೇಗ ತೀರ್ಮಾನಿಸಲೇಬೇಕಾದ ಜಾಗದ ವಿಷಯದಲ್ಲಿ ಸ್ವಲ್ಪ ಹೆಚ್ಚಾಗಿ ಹಿಡಿಯಬೇಕು, ಏಕೆಂದರೆ ಕೊನೆಯ ಗಳಿಗೆಯಲ್ಲಿ ಅದು ಸಿಗದು. ಜನರನ್ನು ತಂಡ ತಂಡವಾಗಿ ತರುವುದರಿಂದ ಮೂರನೇ ತಂಡವನ್ನು ತರಬೇಕೋ ಬೇಡವೋ ಎಂದು ನೋಡಿಕೊಂಡು ಹೇಳಬಹುದು. ಓವರ್‌ಟೈಮ್ ಗಂಟೆಗಳನ್ನು ಆ ದಿನ ಬೆಳಗ್ಗೆಯೂ ತೀರ್ಮಾನಿಸಬಹುದು. ಅಂದಾಜು ಎಷ್ಟು ಅಸ್ಥಿರವೋ ಬೇಗ ಬದಲಿಸಬಹುದಾದ ಸಾಧನಗಳನ್ನು ಅಷ್ಟು ಕೊನೆಯವರೆಗೆ ಮುಟ್ಟದೆ ಇಡಬೇಕು.

ಸೇಲ್‌ನ ಎಂಟನೇ ದಿನಕ್ಕೆ ಯೋಜನೆ ಮುಗಿಯುವುದಿಲ್ಲ. ಬಟ್ಟೆ, ಚಪ್ಪಲಿಯಂಥ ಮಾಲು ಒಂದೆರಡು ವಾರಗಳಲ್ಲಿ ಹಿಂದಿರುಗಲು ಶುರುವಾಗುತ್ತದೆ, ಬಾಗಿಲಲ್ಲಿ ಹಣ ಕೊಡದೆ ತಿರಸ್ಕರಿಸಿದ ಪಾರ್ಸಲ್‌ಗಳೂ ಅದರೊಂದಿಗೆ ಬರುತ್ತವೆ. ವಾಪಸು ಬಂದದ್ದನ್ನು ಬಿಚ್ಚಿ, ನೋಡಿ, ಮತ್ತೆ ಮಾರಬಹುದೋ ಇಲ್ಲವೋ ಎಂದು ಬೇರ್ಪಡಿಸಲು ಹೊಸದನ್ನು ಪ್ಯಾಕ್ ಮಾಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅದೇ ವೇಳೆಗೆ ಹೊರಗಿಟ್ಟಿದ್ದ ನಿಧಾನದ ಮಾಲೂ ಲಾರಿಯೇರಿ ಅದೇ ಡಾಕ್‌ಗೆ ಮರಳುತ್ತದೆ. ತಾತ್ಕಾಲಿಕ ಕೆಲಸಗಾರರನ್ನೆಲ್ಲ ಒಂಬತ್ತನೇ ದಿನ ಕಳಿಸಿಬಿಟ್ಟ ಗೋದಾಮಿನಲ್ಲಿ ವಾಪಸು ಮಾಲಿನ ಚೀಲಗಳು ಡಾಕ್‌ನ ಪಕ್ಕದಲ್ಲಿ ರಾಶಿ ಬೀಳುತ್ತವೆ, ಅದರೊಳಗಿನ ಮಾರಬಹುದಾದ ಮಾಲು ದೀಪಾವಳಿ ಮುಗಿಯುವವರೆಗೆ ಬಿನ್ ಸೇರುವುದಿಲ್ಲ. ಆದ್ದರಿಂದ ಹೊಸಬರಲ್ಲಿ ಚುರುಕಾಗಿರುವ ಕಾಲು ಭಾಗದಷ್ಟು ಜನರನ್ನು ಮೂರು ನಾಲ್ಕು ವಾರ ಹೆಚ್ಚಿಗೆ ಇರಿಸಿಕೊಳ್ಳುವುದನ್ನೂ, ಹೊರಜಾಗದ ಒಪ್ಪಂದದ ಕೊನೆಯ ದಿನವನ್ನು ಸೇಲ್ ಮುಗಿಯುವ ದಿನಕ್ಕಲ್ಲದೆ ವಾಪಸು ಮಾಲು ಇಳಿಮುಖವಾಗುವ ವಾರಕ್ಕೆ ಹೊಂದಿಸುವುದನ್ನೂ ಜುಲೈನಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕುವಾಗಲೇ ಬರೆಸಿಕೊಳ್ಳಬೇಕು.